ಖಿನ್ನತೆಯ ಗುಳಿಗೆ ಶುರುವಾದ ಮೇಲೆ ದಾಂಪತ್ಯದಲ್ಲಿ ಮನಸ್ಸೇ ಇಲ್ಲವೇ? ಡಾಕ್ಟರಿಗೆ ಹೇಳುವುದು ಹೀಗೆ

"ನಿದ್ದೆ ಬರ್ತದ, ಅಳು ನಿಂತದ, ಕೆಲಸಕ್ಕೂ ಹೊಂಟೀನಿ. ಆದ್ರ ಗಂಡ-ಹೆಂಡತಿ ವಿಷಯದಾಗ ಮನಸ್ಸ ಆಗವಲ್ದು. ಗುಳಿಗಿ ಬಿಟ್ಟುಬಿಡ್ಲೇನ್ರಿ?"

ಬಳ್ಳಾರಿಯಲ್ಲಿ ಔಷಧಿ ಅಂಗಡಿ ನಡೆಸುವ ನನ್ನನ್ನು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಂಗಡಿ ಖಾಲಿ ಇರುವ ಹೊತ್ತು ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. ಗುಳಿಗೆ ಬರೆದುಕೊಟ್ಟ ಡಾಕ್ಟರನ್ನು ಮಾತ್ರ ಕೇಳಿರುವುದಿಲ್ಲ. ನಾನು ಡಾಕ್ಟರಲ್ಲ. ಇಂಥದ್ದನ್ನು ತಗೊಳ್ಳಿ, ಇಂಥದ್ದನ್ನು ಬಿಡಿ ಎಂದು ಹೇಳಲು ಬರುವುದಿಲ್ಲ. ಡಾಕ್ಟರ ಮುಂದೆ ಕೂರುವ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು, ಕೂತ ಮೇಲೆ ಏನು ಹೇಳಬೇಕು, ಅವರ ಕೈಯಲ್ಲಿ ಯಾವ ಯಾವ ದಾರಿಗಳಿವೆ ಎಂಬುದನ್ನು ಹೇಳಬಲ್ಲೆ.

ಇದು ಎಷ್ಟು ಜನರಿಗೆ ಆಗುತ್ತದೆ?

ಖಿನ್ನತೆಗೆ ಹೆಚ್ಚಾಗಿ ಬರೆಯುವ ಗುಳಿಗೆಗಳು ಎಸ್‌ಎಸ್‌ಆರ್‌ಐ ಎಂಬ ಗುಂಪಿನವು. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಇವೆಲ್ಲ ಅದೇ ಗುಂಪು. ನಿಮ್ಮ ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿರುತ್ತದೆ. ಅದರ ಹತ್ತಿರವೇ ಸಣ್ಣ ಅಕ್ಷರದಲ್ಲಿರುವುದು ಔಷಧಿಯ ನಿಜವಾದ ಹೆಸರು. ಮಿದುಳಿನಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಕೆಲಸ ಮಾಡುವಂತೆ ಈ ಗುಳಿಗೆಗಳು ನೋಡಿಕೊಳ್ಳುತ್ತವೆ. ಅದರಿಂದ ದುಃಖ, ಗಾಬರಿ ಇಳಿಯುತ್ತವೆ. ಆದರೆ ಅದೇ ಸೆರೊಟೊನಿನ್ ಕಾಮಾಸಕ್ತಿಯನ್ನೂ ತಗ್ಗಿಸುತ್ತದೆ, ಸುಖದ ಕೊನೆ ಮುಟ್ಟುವುದನ್ನೂ ತಡ ಮಾಡುತ್ತದೆ. ಅಂದರೆ ಇದು ನಿಮ್ಮ ಪ್ರೀತಿ ಕಡಿಮೆಯಾಗಿದ್ದಕ್ಕೆ ಸಾಕ್ಷಿ ಅಲ್ಲ. ಗಂಡಸುತನ, ಹೆಣ್ತನ ಹೋಗಿದ್ದಕ್ಕೂ ಅಲ್ಲ.

ಸ್ಪೇನ್ ದೇಶದಲ್ಲಿ ಇಂಥ ಗುಳಿಗೆ ತಗೊಳ್ಳುವ 344 ಜನರನ್ನು ವಿಚಾರಿಸಿ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಾವಾಗಿಯೇ ಈ ತೊಂದರೆ ಹೇಳಿಕೊಂಡವರು ನೂರಕ್ಕೆ 14 ಜನ. ಡಾಕ್ಟರೇ ನೇರವಾಗಿ ಕೇಳಿದಾಗ ಹೌದು ಎಂದವರು ನೂರಕ್ಕೆ 58. ಅದು ಸ್ಪೇನ್ ಕಥೆ. ನಮ್ಮ ಕಡೆ, ಹತ್ತು ಜನ ಸಾಲುಗಟ್ಟಿ ನಿಂತಿರುವ ಓಪಿಡಿಯಲ್ಲಿ, ಪಕ್ಕದಲ್ಲೇ ಅತ್ತೆ ನಿಂತಿರುವಾಗ, ಯಾರು ತಾವಾಗಿ ಹೇಳುತ್ತಾರೆ? ಡಾಕ್ಟರೂ ಕೇಳಲಿಲ್ಲ, ನೀವೂ ಹೇಳಲಿಲ್ಲ ಎಂದರೆ ಚೀಟಿಯಲ್ಲಿ "ಪೇಷಂಟ್ ಆರಾಮ" ಎಂದು ಬೀಳುತ್ತದೆ, ಅದೇ ಗುಳಿಗೆ ಮುಂದುವರಿಯುತ್ತದೆ.

ಹಂತ 1: ಹೇಳುವ ತನಕ ಗುಳಿಗೆ ನಿಲ್ಲಿಸಬೇಡಿ

ಎಲ್ಲಕ್ಕಿಂತ ಮೊದಲು ಇದು, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. ಗುಳಿಗೆಯಿಂದಲೇ ಹೀಗಾಗುತ್ತಿದೆ ಅನ್ನಿಸಿದ ದಿನವೇ ಸ್ಟ್ರಿಪ್ ಎತ್ತಿಡುತ್ತಾರೆ. ಎರಡು ಮೂರು ದಿನದಲ್ಲಿ ತಲೆ ತಿರುಗುತ್ತದೆ, ವಾಕರಿಕೆ ಬರುತ್ತದೆ, ಚಿತ್ರವಿಚಿತ್ರ ಕನಸು ಬೀಳುತ್ತವೆ, ಸಣ್ಣದಕ್ಕೆಲ್ಲ ಸಿಟ್ಟು ಬರುತ್ತದೆ. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ ಎನ್ನುತ್ತಾರೆ ಕೆಲವರು. ಇವು ಗುಳಿಗೆಯನ್ನು ದಿಢೀರನೆ ಬಿಟ್ಟಾಗ ಬರುವ ಲಕ್ಷಣಗಳು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬಿಟ್ಟಾಗ ಜೋರಾಗಿರುತ್ತವೆ. ಫ್ಲುಆಕ್ಸೆಟಿನ್ ದೇಹದಿಂದ ಹೊರಹೋಗಲು ವಾರಗಟ್ಟಲೆ ಬೇಕು, ಹಾಗಾಗಿ ಅದರಲ್ಲಿ ಕಡಿಮೆ.

ಇದನ್ನೇ ಜನ "ಗುಳಿಗೆ ಚಟ ಹತ್ತಿಸಿದೆ" ಎಂದುಕೊಳ್ಳುತ್ತಾರೆ, ಇಲ್ಲವೇ "ರೋಗ ಮತ್ತೆ ಬಂತು" ಎಂದು ಹೆದರುತ್ತಾರೆ. ಎರಡೂ ಅಲ್ಲ. ಬಿಟ್ಟ ಕೂಡಲೇ, ನಾಲ್ಕೈದು ದಿನದೊಳಗೆ ಬಂದರೆ ಅದು ಸಾಮಾನ್ಯವಾಗಿ ಬಿಟ್ಟ ಪರಿಣಾಮ. ನಿಜವಾದ ಖಿನ್ನತೆ ಮರಳುವುದು ನಿಧಾನವಾಗಿ, ವಾರಗಳ ಮೇಲೆ. ಹತ್ತು ದಿನ ಚೆನ್ನಾಗಿದ್ದೆ ಎಂದು ಧೈರ್ಯ ಮಾಡುವುದು ಅದಕ್ಕೇ ಅಪಾಯ. ಮೊದಲ ಸಲ ಖಿನ್ನತೆ ಬಂದವರಿಗೂ ಪೂರ್ತಿ ಗುಣವಾದ ಮೇಲೆ 6ರಿಂದ 9 ತಿಂಗಳು ಗುಳಿಗೆ ಮುಂದುವರಿಸಲು ಡಾಕ್ಟರುಗಳು ಹೇಳುವುದು ಸುಮ್ನೆ ಅಲ್ಲ.

ಇನ್ನೊಂದು ಜಾಣತನ ನೋಡಿದ್ದೇನೆ. ಶನಿವಾರ, ಭಾನುವಾರ ಗುಳಿಗೆ ತಪ್ಪಿಸಿ ಸೋಮವಾರ ಮತ್ತೆ ನುಂಗುವುದು. ಯಾವನೋ ಗೆಳೆಯ ಹೇಳಿರುತ್ತಾನೆ. ಫ್ಲುಆಕ್ಸೆಟಿನ್ ಆದರೆ ಎರಡು ದಿನ ಬಿಟ್ಟರೂ ಔಷಧಿ ಮೈಯಲ್ಲೇ ಇರುತ್ತದೆ, ಏನೂ ಲಾಭವಿಲ್ಲ. ಬೇರೆಯವಾದರೆ ಭಾನುವಾರ ಸಂಜೆಯ ಹೊತ್ತಿಗೆ ತಲೆ ತಿರುಗುತ್ತಿರುತ್ತದೆ, ಮನಸ್ಸಾಗುವುದೆಲ್ಲಿ ಬಂತು? ಜೊತೆಗೆ ಗುಳಿಗೆ ತಪ್ಪಿಸುವುದೇ ರೂಢಿಯಾಗಿಬಿಡುತ್ತದೆ.

ಹಂತ 2: ತಾರೀಕು ಬರೆಯಿರಿ

ಖಿನ್ನತೆಯೇ ಕಾಮಾಸಕ್ತಿಯನ್ನು ತಿನ್ನುತ್ತದೆ. ಊಟ, ನಿದ್ದೆ, ಮಕ್ಕಳ ಮಾತು ಯಾವುದೂ ಬೇಡ ಅನ್ನಿಸುವವರಿಗೆ ಇದೊಂದು ಮಾತ್ರ ಹೇಗೆ ಬೇಕು ಅನ್ನಿಸೀತು? ಹಾಗಾಗಿ "ಗುಳಿಗೆಯಿಂದಲೇ" ಎಂದು ಹೇಳುವ ಮೊದಲು ಮೂರು ಕಾಲವನ್ನು ಬೇರೆ ಬೇರೆ ಮಾಡಬೇಕು. ಕಾಯಿಲೆಗೆ ಮುಂಚೆ ಹೇಗಿತ್ತು? ಕಾಯಿಲೆ ಬಂದ ಮೇಲೆ, ಗುಳಿಗೆ ಶುರುವಾಗುವ ಮೊದಲು ಹೇಗಿತ್ತು? ಗುಳಿಗೆ ಶುರುವಾಗಿ ಮನಸ್ಸು ಹಗುರವಾದ ಮೇಲೆ ಹೇಗಿದೆ?

ಈ ಮೂರು ಪ್ರಶ್ನೆಗೆ ಉತ್ತರ ಇದ್ದರೆ ಡಾಕ್ಟರ ಅರ್ಧ ಕೆಲಸ ಮುಗಿದಂತೆ. ಗುಳಿಗೆಗೆ ಮುಂಚೆಯೇ ಆಸಕ್ತಿ ಹೋಗಿದ್ದು, ಮನಸ್ಸು ಇನ್ನೂ ಸರಿಯಾಗಿಲ್ಲ ಎಂದರೆ ಬಹುಶಃ ಕಾಯಿಲೆಯದ್ದೇ ಕೆಲಸ. ಆಗ ಬೇಕಾದದ್ದು ಚಿಕಿತ್ಸೆ ಇನ್ನೂ ಚೆನ್ನಾಗಿ ಆಗುವುದು. ಗುಳಿಗೆ ಕಡಿಮೆ ಮಾಡಿದರೆ ಉಲ್ಟಾ ಆಗುತ್ತದೆ. ಮನಸ್ಸು, ನಿದ್ದೆ, ಊಟ ಎಲ್ಲ ಮರಳಿ, ಇದೊಂದು ಮಾತ್ರ ಮರಳಿಲ್ಲ ಎಂದರೆ ಅನುಮಾನ ಗುಳಿಗೆಯ ಕಡೆ ತಿರುಗುತ್ತದೆ.

ಜೊತೆಗೆ ಏನು ತೊಂದರೆ ಎಂಬುದನ್ನೂ ಬಿಡಿಸಿ ಬರೆಯಿರಿ. "ಆಗಲ್ಲ" ಎಂದಷ್ಟೇ ಬರೆದರೆ ಸಾಲದು. ಮನಸ್ಸೇ ಬರುವುದಿಲ್ಲ ಎನ್ನುವುದು ಒಂದು. ಮನಸ್ಸಿದೆ, ಆದರೆ ಗಂಡಸರಿಗೆ ನಿಮಿರುವುದಿಲ್ಲ, ಹೆಂಗಸರಿಗೆ ಒದ್ದೆಯಾಗದೆ ನೋವಾಗುತ್ತದೆ ಎನ್ನುವುದು ಇನ್ನೊಂದು. ಎಲ್ಲ ಸರಿ, ಕೊನೆ ಮುಟ್ಟಲು ತುಂಬಾ ತಡ ಅಥವಾ ಮುಟ್ಟುವುದೇ ಇಲ್ಲ ಎನ್ನುವುದು ಮೂರನೆಯದು. ಎಸ್‌ಎಸ್‌ಆರ್‌ಐ ಗುಳಿಗೆಗಳ ಗುರುತು ಹೆಚ್ಚಾಗಿ ಈ ಮೂರನೆಯದರಲ್ಲಿ ಕಾಣುತ್ತದೆ. ಬರೀ ಖಿನ್ನತೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆ ಜಾಗ ಜೋಮು ಹಿಡಿದಂತೆ, ಮುಟ್ಟಿದ್ದೇ ಗೊತ್ತಾಗದಂತೆ ಇದ್ದರೆ ಅದನ್ನೂ ತಪ್ಪದೆ ಬರೆಯಿರಿ.

ಹಂತ 3: ಮನೆಯಲ್ಲಿರುವ ಎಲ್ಲ ಸ್ಟ್ರಿಪ್ ಒಂದು ಚೀಲಕ್ಕೆ ಹಾಕಿ

ಮಾನಸಿಕ ತಜ್ಞರ ಹತ್ತಿರ ಹೋಗುವಾಗ ಜನ ಅವರು ಕೊಟ್ಟ ಗುಳಿಗೆಯನ್ನಷ್ಟೇ ಒಯ್ಯುತ್ತಾರೆ. "ಬೇರೆ ಏನಾದ್ರೂ ತಗೋತೀರಾ?" ಎಂದರೆ "ಏನೂ ಇಲ್ಲ" ಎನ್ನುತ್ತಾರೆ. ಗ್ಯಾಸಿನ ಗುಳಿಗೆ ಇವರ ಲೆಕ್ಕದಲ್ಲಿ ಔಷಧಿಯೇ ಅಲ್ಲ.

ಆದರೆ ಆ ಗ್ಯಾಸ್ ಕ್ಯಾಪ್ಸೂಲನ್ನೇ ನಾನು ಮೊದಲು ನೋಡುವುದು. ರೆಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಎಂಬ ಔಷಧಿ ಸೇರಿಸಿದ ಕ್ಯಾಪ್ಸೂಲುಗಳು ನಮ್ಮ ಊರುಗಳಲ್ಲಿ ಧಾರಾಳವಾಗಿ ಖರ್ಚಾಗುತ್ತವೆ. ಈ ಲೆವೊಸಲ್ಪಿರೈಡ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ. ಬಾಣಂತಿಗೆ ಹಾಲು ತರಿಸುವ ಹಾರ್ಮೋನು ಅದು. ಅದು ಏರಿದರೆ ಕಾಮಾಸಕ್ತಿ ಬೀಳುತ್ತದೆ. ಹೆಂಗಸರಿಗೆ ಮುಟ್ಟು ತಪ್ಪುತ್ತದೆ, ಮಗುವಿಲ್ಲದಿದ್ದರೂ ಎದೆಯಿಂದ ಹಾಲು ಜಿನುಗಬಹುದು. ಗಂಡಸರಿಗೆ ನಿಮಿರುವಿಕೆ ಕುಂದುತ್ತದೆ. ಡಾಮ್‌ಪೆರಿಡೋನ್ ಸೇರಿದ ಕ್ಯಾಪ್ಸೂಲೂ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಐದು ದಿನಕ್ಕೆಂದು ಬರೆದ ಕ್ಯಾಪ್ಸೂಲನ್ನು ಹಳೇ ಚೀಟಿ ತೋರಿಸಿ ಐದು ತಿಂಗಳು ತಗೊಳ್ಳುವವರಿದ್ದಾರೆ. ಅಂಗಡಿಯವರೂ ಕೊಡುತ್ತಾರೆ, ನಮ್ಮ ಧಂದೆಯ ಈ ರೋಗ ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಿಪಿ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ, ನಿದ್ದೆ ಗುಳಿಗೆ, ನಾಟಿ ಪುಡಿ ಏನಿದ್ದರೂ ಚೀಲಕ್ಕೆ ಬೀಳಲಿ. ಕೆಲವು ಬಿಪಿ ಗುಳಿಗೆಗಳಿಂದಲೂ, ಸಕ್ಕರೆ ಕಾಯಿಲೆಯಿಂದಲೂ, ಥೈರಾಯ್ಡ್ ಕೊರತೆಯಿಂದಲೂ ಹೀಗಾಗಬಹುದು. ಕುಡಿತ ಇದ್ದರೆ ಅದನ್ನೂ ಹೇಳಿ.

ಒಬ್ಬರ ಚೀಟಿ ಬಿಡಿಸಿ ನೋಡೋಣ

ಹಲವರ ಅನುಭವ ಸೇರಿಸಿ ಮಾಡಿದ ಉದಾಹರಣೆ ಇದು. ಕುಷ್ಟಗಿ ಕಡೆಯ ಒಬ್ಬ ಅಂಗನವಾಡಿ ಟೀಚರ್, ವಯಸ್ಸು 36, ಇಬ್ಬರು ಮಕ್ಕಳು ಎಂದುಕೊಳ್ಳಿ. ಅವರು ಮಗನ ನೋಟ್‌ಬುಕ್ಕಿನ ಹಾಳೆ ಹರಿದು ಹೀಗೆ ಬರೆದಿದ್ದಾರೆ:

ಜನವರಿಗೆ ಮುಂಚೆ – ವಾರಕ್ಕೊಮ್ಮೆ ಕೂಡುತ್ತಿದ್ದೆವು. ನನಗೂ ಮನಸ್ಸಿರುತ್ತಿತ್ತು.
ಜನವರಿ – ಅಳು, ನಿದ್ದೆ ಇಲ್ಲ, ಊಟ ಬೇಡ. ಇದೂ ಬೇಡ.
ಫೆಬ್ರವರಿ 10 – ಎಸ್ಸಿಟಾಲೊಪ್ರಾಮ್ 5 ಶುರು. ಒಂದು ವಾರದ ಮೇಲೆ 10. ವಾಕರಿಕೆ ಬಂತೆಂದು ಗ್ಯಾಸ್ ಕ್ಯಾಪ್ಸೂಲ್ ಶುರು, ಇನ್ನೂ ತಗೊಳ್ಳುತ್ತಿದ್ದೇನೆ.
ಏಪ್ರಿಲ್ – ನಿದ್ದೆ, ಊಟ, ಕೆಲಸ ಎಲ್ಲ ಸರಿ. ಇದಕ್ಕೆ ಮಾತ್ರ ಮನಸ್ಸಿಲ್ಲ. ಕೂಡಿದರೂ ಕೊನೆ ಮುಟ್ಟುವುದಿಲ್ಲ.
ಮೇ – ಮುಟ್ಟು 20 ದಿನ ತಡ.

ಐದು ಸಾಲು, ಅಷ್ಟೇ. ಆದರೆ ಡಾಕ್ಟರಿಗೆ ಇದರಲ್ಲಿ ಎಷ್ಟು ಕಾಣುತ್ತದೆ ನೋಡಿ. ಜನವರಿಯಲ್ಲಿ ಆಸಕ್ತಿ ಹೋಗಿದ್ದು ಖಿನ್ನತೆಯಿಂದ. ಏಪ್ರಿಲ್ ಹೊತ್ತಿಗೆ ಖಿನ್ನತೆ ಹೋಗಿದೆ, ಹಾಗಾಗಿ ಈಗ ಅದನ್ನೇ ದೂರುವ ಹಾಗಿಲ್ಲ. ಕೊನೆ ಮುಟ್ಟದಿರುವುದು ಎಸ್ಸಿಟಾಲೊಪ್ರಾಮ್ ಕಡೆ ಕೈ ತೋರಿಸುತ್ತದೆ. ಮುಟ್ಟು ತಪ್ಪಿದ್ದು ಮಾತ್ರ ಆ ಗುಳಿಗೆಗೆ ಅಷ್ಟಾಗಿ ಹೊಂದುವುದಿಲ್ಲ, ಗ್ಯಾಸ್ ಕ್ಯಾಪ್ಸೂಲಿಗೆ ಚೆನ್ನಾಗಿ ಹೊಂದುತ್ತದೆ. ಅಂದರೆ ತೊಂದರೆ ಒಂದೇ ಕಂಡರೂ ಕಾರಣ ಎರಡು.

ಡಾಕ್ಟರು ಮೊದಲು ಗರ್ಭ ಇದೆಯೇ ಎಂದು ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಇಲ್ಲ ಎಂದು ಬರುತ್ತದೆ. ರಕ್ತದಲ್ಲಿ ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡುತ್ತಾರೆ. ಥೈರಾಯ್ಡ್ ಸರಿ ಇದೆ, ಪ್ರೊಲ್ಯಾಕ್ಟಿನ್ ಏರಿದೆ. ಗ್ಯಾಸ್ ಕ್ಯಾಪ್ಸೂಲ್ ನಿಲ್ಲಿಸುತ್ತಾರೆ. ಎಸ್ಸಿಟಾಲೊಪ್ರಾಮ್ ತಂದ ವಾಕರಿಕೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಹೋಗುವಂಥದ್ದು, ಈಗ ಆ ಕ್ಯಾಪ್ಸೂಲಿನ ಅಗತ್ಯವೂ ಇಲ್ಲ. ಖಿನ್ನತೆಯ ಗುಳಿಗೆಯನ್ನು ಮುಟ್ಟುವುದಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲವಲ್ಲ.

ಕೆಲವು ವಾರದಲ್ಲಿ ಮುಟ್ಟು ಬರುತ್ತದೆ. ಮತ್ತೆ ಪರೀಕ್ಷೆ ಮಾಡಿದರೆ ಪ್ರೊಲ್ಯಾಕ್ಟಿನ್ ಇಳಿದಿದೆ. ಆಸಕ್ತಿ ಸ್ವಲ್ಪ ಮರಳಿದೆ, ಆದರೆ ಕೊನೆ ಮುಟ್ಟುವ ತೊಂದರೆ ಹಾಗೇ ಇದೆ. ಆ ಉಳಿದ ಪಾಲು ಎಸ್ಸಿಟಾಲೊಪ್ರಾಮ್‌ನದ್ದು. ಅದಕ್ಕೇನು ಮಾಡಿದರು ಎಂಬುದಕ್ಕೆ 5ನೇ ಹಂತದಲ್ಲಿ ಬರುತ್ತೇನೆ.

ಹಂತ 4: ಎಲ್ಲಿ, ಯಾರಿಗೆ, ಹೇಗೆ ಹೇಳುವುದು

ಗುಳಿಗೆ ಬರೆದವರಿಗೇ ಹೇಳುವುದು ಒಳ್ಳೆಯದು. ನಿಮ್ಮ ಕಾಯಿಲೆ ಎಷ್ಟು ಜೋರಿತ್ತು ಎಂದು ಅವರಿಗೆ ಗೊತ್ತಿರುತ್ತದೆ. ಅವರ ಹತ್ತಿರ ಹೋಗಲು ಆಗದಿದ್ದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಅಲ್ಲಿ ಮಾನಸಿಕ ರೋಗಗಳ ವಿಭಾಗದ ಓಪಿಡಿ ಕೇಳಿ. ತಾಲೂಕು ಆಸ್ಪತ್ರೆಗಳಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಗೊತ್ತುಮಾಡಿದ ದಿನ ಬರುತ್ತದೆ. ಯಾವ ದಿನ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಂಡು ಹೋದರೆ ಬಸ್ ಚಾರ್ಜು ಉಳಿಯುತ್ತದೆ. ಅಂದಹಾಗೆ, ಈ ಕಾರ್ಯಕ್ರಮದ ಬೇರು ನಮ್ಮ ಜಿಲ್ಲೆಯಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ಕೊಟ್ಟು ನೋಡಿದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಕಾರ್ಯಕ್ರಮ ಶುರುವಾಯಿತು. ದೆಹಲಿಯವರು ಬಳ್ಳಾರಿ ಮಾದರಿ ಎನ್ನುತ್ತಾರೆ, ಬಳ್ಳಾರಿಯಲ್ಲಿ ನಾವು ಇನ್ನೂ "ಅದು ತಲೆ ಕೆಟ್ಟವರ ಆಸ್ಪತ್ರೆ" ಎಂದು ಮುಖ ಮುಚ್ಚಿಕೊಂಡು ಹೋಗುತ್ತೇವೆ.

ದೊಡ್ಡ ಅಡ್ಡಿ ಎಂದರೆ ಜೊತೆಗೆ ಬಂದವರು. ಹೆಂಗಸರ ಜೊತೆ ಅತ್ತೆಯೋ ನಾದಿನಿಯೋ, ಹುಡುಗರ ಜೊತೆ ಅಪ್ಪನೋ ಮಾವನೋ ಒಳಗೆ ಬಂದಿರುತ್ತಾರೆ. ಬರೆದ ಹಾಳೆ ಉಪಯೋಗಕ್ಕೆ ಬರುವುದು ಆಗಲೇ. ಮಾತೇ ಆಡಬೇಕಾಗಿಲ್ಲ, ಓಪಿಡಿ ಚೀಟಿಯ ಜೊತೆ ಮಡಚಿ ಕೊಟ್ಟರೆ ಸಾಕು. ಇಲ್ಲದಿದ್ದರೆ "ಸರ, ಒಂದೆರಡು ನಿಮಿಷ ಒಬ್ಬಾಕಿನ ಮಾತಾಡಬೇಕ್ರಿ" ಎನ್ನಿ. ಡಾಕ್ಟರುಗಳಿಗೆ ಇದು ಹೊಸದಲ್ಲ, ಹೊರಗೆ ಕೂರಲು ಅವರೇ ಹೇಳುತ್ತಾರೆ. ಗಂಡಸು ಡಾಕ್ಟರ ಹತ್ತಿರ ಸಂಕೋಚವಾದರೆ ಅಲ್ಲಿನ ನರ್ಸಿಗೆ ಅಥವಾ ಆಪ್ತಸಮಾಲೋಚಕಿಗೆ ಹೇಳಿ, ಅವರು ಮುಟ್ಟಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಮ್ಮ ಕಾಯಿಲೆ, ಚಿಕಿತ್ಸೆಯ ವಿಷಯ ಗುಟ್ಟಾಗಿ ಇರಬೇಕೆಂಬ ಹಕ್ಕು ನಿಮಗಿದೆ.

ಬಾಯಿಬಿಟ್ಟು ಹೇಳುವುದಾದರೆ ಇಷ್ಟು ಸಾಕು: "ಸರ, ಗುಳಿಗಿಯಿಂದ ಮನಸ್ಸಿಗೆ ಆರಾಮ ಆಗೇತ್ರಿ. ಗುಳಿಗಿ ಬಿಡಂಗಿಲ್ಲ. ಆದ್ರ ಅದು ಶುರು ಆದ ಮ್ಯಾಲೆ ದಾಂಪತ್ಯದಾಗ ತೊಂದ್ರಿ ಆಗೇತ್ರಿ. ಇದಕ್ಕೇನಾರ ದಾರಿ ಐತೇನ್ರಿ?" ಗುಳಿಗೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದರೆ ಡಾಕ್ಟರ ಎದೆಯೂ ಹಗುರವಾಗುತ್ತದೆ. "ವೀಕ್ನೆಸ್ ಐತ್ರಿ" ಎಂದು ಮಾತ್ರ ಹೇಳಬೇಡಿ. ವೀಕ್ನೆಸ್ ಎಂದರೆ ವಿಟಮಿನ್ ಗುಳಿಗೆ ಬರುತ್ತದೆ, ಮನೆಗೆ ಬರುತ್ತೀರಿ, ತೊಂದರೆ ಹಾಗೇ ಇರುತ್ತದೆ.

ಡಾಕ್ಟರು "ಇದೆಲ್ಲ ಇದ್ದದ್ದೇ, ಹೊಂದಿಕೊಳ್ಳಿ" ಎಂದರೆ? ಕೆಲವರು ಎನ್ನುತ್ತಾರೆ. ಆಗ "ಇದರಿಂದ ಗುಳಿಗೆ ಬಿಡಬೇಕು ಅನ್ನಿಸುತ್ತಿದೆ" ಎಂದು ನೇರವಾಗಿ ಹೇಳಿ. ಅದಕ್ಕೂ ಕಿವಿಗೊಡದಿದ್ದರೆ ಬೇರೆ ಮಾನಸಿಕ ತಜ್ಞರನ್ನು ನೋಡುವುದರಲ್ಲಿ ತಪ್ಪಿಲ್ಲ. ಹಳೇ ಚೀಟಿಗಳನ್ನು ಮಾತ್ರ ಒಯ್ಯಿರಿ.

ಹಂತ 5: ಡಾಕ್ಟರು ಏನು ಮಾಡಬಹುದು

ಒಂದೇ ಮದ್ದಿಲ್ಲ. ನಾಲ್ಕೈದು ದಾರಿಗಳಿವೆ, ಯಾವುದು ಎಂಬುದು ಕಾಯಿಲೆಯ ಮೇಲೆ ನಿಂತಿದೆ.

ಕಾಯುವುದು ಒಂದು. ಗುಳಿಗೆ ಶುರುವಾಗಿ ಕೆಲವೇ ವಾರ ಆಗಿದ್ದರೆ ಸ್ವಲ್ಪ ಕಾದು ನೋಡಬಹುದು. ಆದರೆ ವಾಕರಿಕೆ ಹೋದಷ್ಟು ಸಲೀಸಾಗಿ ಇದು ಹೋಗುವುದಿಲ್ಲ, ಕೆಲವರಿಗೆ ಮಾತ್ರ ತಿಂಗಳುಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಪ್ರಮಾಣ ಇಳಿಸುವುದು ಇನ್ನೊಂದು. ಎಸ್ಸಿಟಾಲೊಪ್ರಾಮ್ 20ರಲ್ಲಿ ಇದ್ದು ಬಹಳ ತಿಂಗಳಿಂದ ಆರಾಮ ಇರುವವರಿಗೆ ಡಾಕ್ಟರು 15, ಆಮೇಲೆ 10 ಎಂದು ಇಳಿಸಿ ನೋಡಬಹುದು. ಮನೆಯಲ್ಲಿ ಕೂತು ಗುಳಿಗೆಯನ್ನು ಮುರಿದು ಈ ಲೆಕ್ಕ ಮಾಡುವುದು ಬೇಡ.

ಗುಳಿಗೆ ಬದಲಿಸುವುದು ಮೂರನೆಯದು. ಬುಪ್ರೊಪಿಯಾನ್, ಮಿರ್ಟಾಜಪಿನ್, ವೋರ್ಟಿಯಾಕ್ಸೆಟಿನ್ ಇವುಗಳಲ್ಲಿ ಈ ತೊಂದರೆ ಕಡಿಮೆ. ಆದರೆ ಒಂದೊಂದಕ್ಕೂ ತನ್ನದೇ ಬೆಲೆ ಇದೆ. ಮಿರ್ಟಾಜಪಿನ್ ನಿದ್ದೆ, ಹಸಿವು, ತೂಕ ಹೆಚ್ಚಿಸುತ್ತದೆ. ಬುಪ್ರೊಪಿಯಾನ್ ಫಿಟ್ಸ್ ಇರುವವರಿಗೆ ಆಗುವುದಿಲ್ಲ, ಬಿಪಿಯನ್ನೂ ಏರಿಸಬಹುದು. ಚಿಕ್ಕಂದಿನಲ್ಲಿ ಒಂದು ಸಲ ಫಿಟ್ಸ್ ಬಂದಿದ್ದರೂ ಹೇಳಲೇಬೇಕು. ಸಂಬಂಧ ಕುದುರಿಸುವ ಮಾತುಕತೆಯಲ್ಲಿ ಮುಚ್ಚಿಟ್ಟ ಹಾಗೆ ಇಲ್ಲಿ ಮುಚ್ಚಿಡಬೇಡಿ. ಹಳೇ ಗುಳಿಗೆಯಿಂದ ಚೆನ್ನಾಗಿ ಗುಣ ಕಂಡವರಿಗೆ ಹೊಸದು ಅಷ್ಟೇ ಕೆಲಸ ಮಾಡುತ್ತದೆ ಎಂಬ ಖಾತ್ರಿಯೂ ಇಲ್ಲ. ಬದಲಿಸುವಾಗ ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸುವ ಕ್ರಮವಿದೆ. ಅದನ್ನು ಬರೆಸಿಕೊಂಡು ಬನ್ನಿ.

ಹಳೆಯದನ್ನು ಹಾಗೇ ಇಟ್ಟು ಇನ್ನೊಂದನ್ನು ಸೇರಿಸುವುದು ನಾಲ್ಕನೆಯದು. ನಿಮಿರುವ ತೊಂದರೆ ಇರುವ ಗಂಡಸರಿಗೆ ಸಿಲ್ಡೆನಾಫಿಲ್ ಕೊಡುತ್ತಾರೆ. ಅದು ನಿಮಿರುವಿಕೆಗೆ ನೆರವಾಗುತ್ತದೆ, ಆಸಕ್ತಿ ಹುಟ್ಟಿಸುವುದಿಲ್ಲ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಗುಳಿಗೆ ತಗೊಳ್ಳುವವರು ಇದನ್ನು ಮುಟ್ಟಲೇಬಾರದು. ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೆ ಕುತ್ತು.

ಈಗ ನಮ್ಮ ಕುಷ್ಟಗಿಯ ಟೀಚರ್ ಕಡೆ ಬರೋಣ. ಕಾದದ್ದಾಗಿದೆ. ಪೂರ್ತಿ ಆರಾಮಾಗಿ ಮೂರು ತಿಂಗಳೂ ಸರಿಯಾಗಿ ಆಗಿಲ್ಲ, ಈಗ ಪ್ರಮಾಣ ಇಳಿಸಿದರೆ ಕಾಯಿಲೆ ಮರಳುವ ಭಯ. ಆ ಗುಳಿಗೆಯಿಂದ ಗುಣ ಚೆನ್ನಾಗಿದೆ, ಬದಲಿಸಲು ಅವರಿಗೂ ಮನಸ್ಸಿಲ್ಲ. ಹಾಗಾಗಿ ಡಾಕ್ಟರು ಫಿಟ್ಸ್ ಇಲ್ಲವೆಂದು ಕೇಳಿ, ಬಿಪಿ ನೋಡಿ, ಬೆಳಿಗ್ಗೆ ಒಂದು ಬುಪ್ರೊಪಿಯಾನ್ 150 ಸೇರಿಸುತ್ತಾರೆ. ರಾತ್ರಿ ತಗೊಂಡರೆ ನಿದ್ದೆ ಕೆಡುತ್ತದೆ, ಅದಕ್ಕೇ ಬೆಳಿಗ್ಗೆ. ಅಗಿಯದೆ, ಮುರಿಯದೆ ನುಂಗಬೇಕು, ಏಕೆಂದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆ.

ಹಂತ 6: ಬದಲಾವಣೆಯಾದ ಮೇಲೆ

ಆ ರಾತ್ರಿಯೇ ಫಲ ಕಾಣುವುದಿಲ್ಲ. 4ರಿಂದ 6 ವಾರ ಬೇಕು. ಅದೇ ಹಾಳೆಯಲ್ಲಿ ಮುಂದಿನ ಸಾಲು ಬರೆಯುತ್ತಾ ಹೋಗಿ. ಮನಸ್ಸು, ನಿದ್ದೆ ಹೇಗಿದೆ ಎಂದು ಮೊದಲು ಬರೆಯಿರಿ, ದಾಂಪತ್ಯದ ವಿಷಯ ಆಮೇಲೆ. ಹಾಸಿಗೆ ಸರಿಹೋಗಿ ಮನಸ್ಸು ಕುಸಿಯುತ್ತಿದ್ದರೆ ಆ ಬದಲಾವಣೆ ನಿಮಗೆ ಹೊಂದಿಲ್ಲ ಎಂದರ್ಥ. ತಾರೀಕು ಬರುವ ತನಕ ಕಾಯದೆ ಹೋಗಿ ಹೇಳಿ.

ಗಂಡನಿಗೆ ಅಥವಾ ಹೆಂಡತಿಗೆ ಹೇಳಬೇಕೇ ಎಂದು ಕೇಳುತ್ತಾರೆ. ಹೇಳಿದರೆ ಒಳ್ಳೆಯದು. ಹೇಳದಿದ್ದರೆ ಅವರು ತಮ್ಮದೇ ಕಾರಣ ಕಟ್ಟಿಕೊಳ್ಳುತ್ತಾರೆ. ಬೇರೆ ಯಾರೋ ಇದ್ದಾರೆ, ನಾನು ಬೇಡವಾದೆ ಎಂದು. "ಗುಳಿಗೆಯಿಂದ ಹೀಗಾಗುತ್ತದಂತೆ, ಡಾಕ್ಟರಿಗೆ ಹೇಳಿದ್ದೇನೆ" ಎಂಬ ಎರಡು ಮಾತು ಸಾಕು. ಆದರೆ ಗುಳಿಗೆಯ ವಿಷಯ ಗೊತ್ತಾದರೆ ಹೊಡೆತ ಬೀಳುವ ಮನೆಯಾದರೆ ಮೊದಲು ಡಾಕ್ಟರ ಹತ್ತಿರವೇ ಆ ಮಾತೂ ಬರಲಿ.

ಗುಳಿಗೆ ನಿಧಾನವಾಗಿ ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಇದು ಸರಿಹೋಗುತ್ತದೆ. ಬೆರಳೆಣಿಕೆಯ ಕೆಲವರಿಗೆ ಗುಳಿಗೆ ಬಿಟ್ಟ ಮೇಲೂ ಜೋಮು, ಆಸಕ್ತಿ ಇಲ್ಲದಿರುವುದು ಉಳಿದುಕೊಂಡಿದೆ. ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2019ರಲ್ಲಿ ಈ ಎಚ್ಚರಿಕೆಯನ್ನು ಗುಳಿಗೆಗಳ ಮಾಹಿತಿ ಚೀಟಿಯಲ್ಲಿ ಸೇರಿಸಲು ಹೇಳಿತು. ಹೆದರಿಸಲು ಹೇಳುತ್ತಿಲ್ಲ. ಜೋಮಿನಂಥದ್ದು ಶುರುವಾದರೆ ತಿಂಗಳುಗಟ್ಟಲೆ ಸುಮ್ಮನಿರಬೇಡಿ ಎಂದು ಹೇಳುತ್ತಿದ್ದೇನೆ.

ಬಸ್‌ಸ್ಟ್ಯಾಂಡ್ ಗೋಡೆಯ ಡಾಕ್ಟರು

ಗಂಗಾವತಿ, ಸಿಂಧನೂರು, ಹೊಸಪೇಟೆ ಎಲ್ಲೇ ಹೋಗಿ, ಕಂಬಕ್ಕೆ, ಗೋಡೆಗೆ, ಶೌಚಾಲಯದ ಬಾಗಿಲಿಗೆ "ಗುಪ್ತರೋಗ, ನರದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ" ಎಂಬ ಚೀಟಿ ಅಂಟಿಸಿರುತ್ತಾರೆ. ಡಾಕ್ಟರಿಗೆ ಹೇಳಲು ನಾಚಿದವರು ಬೀಳುವುದು ಇಲ್ಲೇ. ಇವರು ಕೊಡುವ ಪುಡಿ, ಲೇಹ್ಯಗಳ ಡಬ್ಬಿ ಮೇಲೆ ಒಳಗಿರುವುದರ ಹೆಸರಿರುವುದಿಲ್ಲ. ಇಂಥ "ಆಯುರ್ವೇದಿಕ್" ಶಕ್ತಿ ಔಷಧಿಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಬೆರೆಸಿದ್ದು ಅನೇಕ ದೇಶಗಳ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಹೃದಯದ ಗುಳಿಗೆ ತಗೊಳ್ಳುವವರಿಗೆ ಅದು ವಿಷ. ಇದರ ಜೊತೆ ಅವರು ಹೇಳುವ ಮಾತು ಇನ್ನೂ ಕೆಟ್ಟದ್ದು: "ಇಂಗ್ಲಿಷ್ ಗುಳಿಗಿ ಎಲ್ಲ ನಿಲ್ಲಸು." ಆಮೇಲೆ ಏನಾಗುತ್ತದೆ ಎಂಬುದನ್ನು 1ನೇ ಹಂತದಲ್ಲಿ ಬರೆದಿದ್ದೇನೆ. ನಮ್ಮಂಥ ಅಂಗಡಿಯಲ್ಲೂ ಚೀಟಿಯಿಲ್ಲದೆ ಸಿಲ್ಡೆನಾಫಿಲ್ ಕೇಳಬೇಡಿ, ಕೊಟ್ಟರೆ ತಗೊಳ್ಳಬೇಡಿ.

ಕಾಯಲೇಬಾರದ ಸಂದರ್ಭ

ಬದುಕುವುದೇ ಬೇಡ ಎಂಬ ಯೋಚನೆ ಬಂದರೆ, ಗುಳಿಗೆ ಶುರುವಾದ ಅಥವಾ ಬದಲಿಸಿದ ಮೊದಲ ವಾರಗಳಲ್ಲಿ ಚಡಪಡಿಕೆ ಒಂದೇ ಸಮನೆ ಏರಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು. 25 ವರ್ಷಕ್ಕಿಂತ ಚಿಕ್ಕವರಲ್ಲಿ ಮನೆಯವರು ಇದನ್ನು ಹೆಚ್ಚು ಗಮನಿಸಬೇಕು. ರಾತ್ರಿ ಹೊತ್ತು, ಬಸ್ಸಿಲ್ಲ, ಯಾರಿಗೆ ಹೇಳುವುದು ತಿಳಿಯುತ್ತಿಲ್ಲ ಎಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, 2022ರಿಂದ ನಡೆಯುತ್ತಿದೆ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಗುಳಿಗೆಯಿಂದ ದಾಂಪತ್ಯದಲ್ಲಿ ತೊಂದರೆಯಾಗಿದೆ, ಡಾಕ್ಟರಿಗೆ ಹೇಗೆ ಹೇಳಲಿ ಎಂದು ಕೇಳಲಿಕ್ಕೂ ಇದೇ ನಂಬರ್ ನಡೆಯುತ್ತದೆ. ಮುಖ ಕಾಣುವುದಿಲ್ಲ, ಮೊದಲ ಸಲ ಬಾಯಿಬಿಡಲು ಕೆಲವರಿಗೆ ಅದೇ ಸಲೀಸು.

ಟೀಚರಮ್ಮನ ಹಾಳೆಯ ಕೊನೆಯ ಸಾಲು ಆಗಸ್ಟ್ ತಿಂಗಳದು: "ಮನಸ್ಸು ಬರುತ್ತದೆ. ಮೊದಲಿನಷ್ಟು ಬೇಗ ಅಲ್ಲ, ಆದರೆ ಆಗುತ್ತದೆ. ನಿದ್ದೆ ಸರಿ. ಬಾಯಿ ಒಣಗುತ್ತದೆ, ಇದನ್ನು ಮುಂದಿನ ಸಲ ಕೇಳಬೇಕು."